ಮ್ಯಾಪಿನಲ್ಲಿ ಹೊಳೆದದ್ದು ಮಾಲಿಬ್ಡಿನಮ್ ಅಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಚಿತ್ರ ಇಟ್ಟುಕೊಂಡು ಮಾತಾಡುತ್ತೇನೆ. ತೆರೆಯ ಮೇಲಿರುವುದು 316 ಸ್ಟೇನ್‌ಲೆಸ್ ಸ್ಟೀಲಿನ ತುಂಡು. ಕನ್ನಡಿಯ ಹಾಗೆ ಪಾಲಿಶ್ ಮಾಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ 20 ಕಿಲೋವೋಲ್ಟ್ ಕೊಟ್ಟು ತೆಗೆದ ಇಡಿಎಸ್ ಮ್ಯಾಪ್, ಅಂದರೆ ಹೊರಬರುವ ಎಕ್ಸ್-ರೇ ಅಳೆದು ಯಾವ ಮೂಲವಸ್ತು ಎಲ್ಲಿದೆ ಎಂದು ಬಣ್ಣದಲ್ಲಿ ತೋರಿಸುವ ಚಿತ್ರ. ನಡುವೆ ಸುಮಾರು 5 ಮೈಕ್ರಾನ್ ಅಗಲದ ಒಂದು ಚುಕ್ಕೆ ಇದೆ. ಗಂಧಕದ ಮ್ಯಾಪಿನಲ್ಲಿ ಅದು ಹೊಳೆಯುತ್ತದೆ. ಮಾಲಿಬ್ಡಿನಮ್ ಮ್ಯಾಪಿನಲ್ಲೂ ಹೊಳೆಯುತ್ತದೆ.

ಇದನ್ನು ತಂದ ವಿದ್ಯಾರ್ಥಿ, "ಸಾರ್, ತುಕ್ಕು ಹಿಡಿದು ಗುಂಡಿ ಬೀಳುವ ಜಾಗದಲ್ಲೇ ಮಾಲಿಬ್ಡಿನಮ್ ಸೇರಿಕೊಂಡಿದೆ" ಅಂದ. ನಾನೂ ತಲೆಯಾಡಿಸಿದೆ. ಆಮೇಲೆ ರಾತ್ರಿ ಮಲಗಿದಾಗ ಅನುಮಾನ ಬಂತು. ಆ ಸ್ಟೀಲಿಗೆ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಬೆರೆಸುವುದೇ ಗುಂಡಿ ಬೀಳದಿರಲಿ ಅಂತ, ಅಲ್ವಾ?

ಡಿಟೆಕ್ಟರ್ ಮೂಲವಸ್ತುವನ್ನು ನೋಡುವುದಿಲ್ಲ. ಬಂದ ಎಕ್ಸ್-ರೇ ಎಷ್ಟು ಶಕ್ತಿಯದು ಎಂದಷ್ಟೇ ಅಳೆಯುತ್ತದೆ. ಒಂದೊಂದು ಮೂಲವಸ್ತುವೂ ತನ್ನದೇ ಆದ ಕೆಲವು ಶಕ್ತಿಗಳಲ್ಲಿ ಎಕ್ಸ್-ರೇ ಕೊಡುತ್ತದೆ, ಅವಕ್ಕೆ ಗೆರೆ ಅನ್ನುತ್ತೇವೆ. ಗಂಧಕದ Kα ಗೆರೆ 2.307 keV, ಮಾಲಿಬ್ಡಿನಮ್‌ನ Lα ಗೆರೆ 2.293 keV. ನಡುವಿನ ಅಂತರ ಬರೀ 14 eV. ಒಳ್ಳೆಯ ಡಿಟೆಕ್ಟರಿನಲ್ಲೂ ಆ ಜಾಗದಲ್ಲಿ ಒಂದು ಶಿಖರದ ಅಗಲ 80 eV ದಾಟುತ್ತದೆ. ಎರಡೂ ಒಂದರ ಮೇಲೊಂದು ಬಿದ್ದು ಒಂದೇ ಗುಡ್ಡದ ಹಾಗೆ ಕಾಣುತ್ತವೆ. ಸಾಮಾನ್ಯ ಮ್ಯಾಪ್ ಗೆರೆಯ ಸುತ್ತ ಗುರುತಿಸಿದ ಶಕ್ತಿಯ ಕಿಟಕಿಯೊಳಗೆ ಬಿದ್ದ ಎಣಿಕೆಯನ್ನೆಲ್ಲ ಕೂಡಿಸಿ, ನೀವು ಕೊಟ್ಟ ಹೆಸರಿನಲ್ಲಿ ಬಣ್ಣ ಹಚ್ಚುತ್ತದೆ. ಅಂದರೆ ಅವು ಎರಡು ಮ್ಯಾಪ್ ಅಲ್ಲ, ಒಂದೇ ಮ್ಯಾಪಿಗೆ ಎರಡು ಹೆಸರು.

ಗಂಧಕದ ಮ್ಯಾಪನ್ನು ಇನ್ನೊಮ್ಮೆ ನೋಡಿ. ಚುಕ್ಕೆಯ ಹೊರಗೂ ತೆಳುವಾಗಿ ಬಣ್ಣ ಇದೆ. ಈ ಸ್ಟೀಲಿನಲ್ಲಿ ಗಂಧಕ ಹೆಚ್ಚೆಂದರೆ 0.03 ಶೇಕಡಾ, ಅದರಲ್ಲೂ ಬಹುಪಾಲು ಇಂಥ ಚುಕ್ಕೆಗಳಲ್ಲೇ ಕೂತಿರುತ್ತದೆ. ಅಷ್ಟು ಕಡಿಮೆ ಇರುವುದನ್ನು ಇಡಿಎಸ್ ಹಿಡಿಯಬಲ್ಲದೇ?

ಒಂದು ಲೆಕ್ಕ ಹಾಕೋಣ. ಒಂದು ಗೆರೆಯ ಜಾಗದಲ್ಲಿ ಹಿನ್ನೆಲೆಯ ಎಣಿಕೆ, ಅಂದರೆ ಯಾವ ಗೆರೆಗೂ ಸೇರದ ಎಕ್ಸ್-ರೇಯ ಎಣಿಕೆ, 10,000 ಇದೆ ಅನ್ನಿ. ಎಕ್ಸ್-ರೇ ಬರುವುದು ಮಳೆಹನಿ ಬಿದ್ದ ಹಾಗೆ, ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ. ಈ ಏರಿಳಿತ ಎಣಿಕೆಯ ವರ್ಗಮೂಲದಷ್ಟು, ಅಂದರೆ 100. ಅದರ ಮೂರು ಪಟ್ಟು, 300, ಮೀರಿದರೆ ಮಾತ್ರ ಅಲ್ಲಿ ಏನೋ ಇದೆ ಎಂದು ನಂಬಬಹುದು. ಒಂದು ಶೇಕಡಾ ವಸ್ತು 3,000 ಎಣಿಕೆ ಕೊಡುತ್ತದೆ ಎಂದಾದರೆ, ಹಿಡಿಯಬಹುದಾದ ಕನಿಷ್ಠ ಮಟ್ಟ 0.1 ಶೇಕಡಾ. ಇಡಿಎಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಮಿತಿಯೂ ಹೆಚ್ಚುಕಡಿಮೆ ಇಷ್ಟೇ. ಅದನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಹೊತ್ತು ಎಣಿಸಬೇಕು. ಹಾಗಾಗಿ ಹೊರಗಿನ ತೆಳು ಬಣ್ಣ ಗಂಧಕದ್ದಲ್ಲ. ಅದರಲ್ಲಿ ಒಂದಷ್ಟು ಹಿನ್ನೆಲೆ, ಉಳಿದದ್ದು ಮಾಲಿಬ್ಡಿನಮ್.

ಇನ್ನೊಂದು ವಿಷಯ: ಈ ಲೆಕ್ಕ ಒಂದು ಕಡೆ ನಿಂತು ಎಣಿಸಿದ್ದಕ್ಕೆ. ಮ್ಯಾಪಿನ ಕಥೆ ಬೇರೆ. ನಮ್ಮ ಮ್ಯಾಪ್ 512 × 384 ಪಿಕ್ಸೆಲ್‌ಗಳದ್ದು, ಹತ್ತಿರ ಹತ್ತಿರ ಎರಡು ಲಕ್ಷ. ಸೆಕೆಂಡಿಗೆ 10,000 ಎಣಿಕೆಯಂತೆ 10 ನಿಮಿಷ ಓಡಿಸಿದೆವು. ಒಟ್ಟು 60 ಲಕ್ಷ. ಹಂಚಿದರೆ ಒಂದೊಂದು ಪಿಕ್ಸೆಲ್‌ನ ಪಾಲಿಗೆ ಸುಮಾರು 30. ಕಬ್ಬಿಣ, ಕ್ರೋಮಿಯಂ, ನಿಕಲ್, ಹಿನ್ನೆಲೆ, ಎಲ್ಲವೂ ಆ 30ರಲ್ಲೇ ಬರಬೇಕು. 2 ಶೇಕಡಾ ಇರುವ ಮಾಲಿಬ್ಡಿನಮ್‌ಗೆ ಎಷ್ಟೋ ಪಿಕ್ಸೆಲ್‌ಗಳಲ್ಲಿ ಒಂದು ಎಣಿಕೆಯೂ ಸಿಗುವುದಿಲ್ಲ. ಆದರೂ ಸಾಫ್ಟ್‌ವೇರ್ ಸುಮ್ನೆ ಇರುವುದಿಲ್ಲ. ಸೊನ್ನೆಯನ್ನು ಕಪ್ಪು ಮಾಡಿ, ಇದ್ದುದರಲ್ಲಿ ದೊಡ್ಡ ಎಣಿಕೆಗೆ, ಅದು ಮೂರೇ ಆಗಿದ್ದರೂ, ಪೂರ್ತಿ ಬಣ್ಣ ಕೊಡುತ್ತದೆ. ಅದಕ್ಕೇ ಪಕ್ಕದಲ್ಲಿ ಎಣಿಕೆಯ ಅಳತೆಪಟ್ಟಿ ಇಲ್ಲದ ಮ್ಯಾಪನ್ನು ನಾನು ನಂಬುವುದಿಲ್ಲ.

ಚುಕ್ಕೆಯಲ್ಲಿರುವುದು ಯಾವುದು ಎಂದು ತಿಳಿಯಲು ಮಾಲಿಬ್ಡಿನಮ್‌ನ ಇನ್ನೊಂದು ಗೆರೆ ಹುಡುಕಿದೆವು. ಅದರ Kα 17.48 keVಯಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಆದರೆ ಅದು ಹುಟ್ಟಬೇಕಾದರೆ ಎಲೆಕ್ಟ್ರಾನಿಗೆ 20 keVಗಿಂತ ಜಾಸ್ತಿ ಶಕ್ತಿ ಬೇಕು. 20 ಕಿಲೋವೋಲ್ಟಿನ ನಮ್ಮ ಮೊದಲ ಮ್ಯಾಪಿನಲ್ಲಿ ಅದು ಕಾಣುವಂತೆಯೇ ಇರಲಿಲ್ಲ. 30 ಕಿಲೋವೋಲ್ಟಿಗೆ ಏರಿಸಿದೆವು. ಏರಿಸಿದರೆ ಎಲೆಕ್ಟ್ರಾನ್ ಆಳಕ್ಕೂ ಇಳಿಯುತ್ತದೆ, ಚುಕ್ಕೆ ಸಣ್ಣದಿದ್ದರೆ ಕೆಳಗಿನ ಸ್ಟೀಲಿನ ಎಕ್ಸ್-ರೇಯೂ ಬೆರೆಯುತ್ತದೆ. 5 ಮೈಕ್ರಾನ್ ಇದ್ದದ್ದರಿಂದ ಬಚಾವಾದೆವು. ಒಂದೊಂದು ಪಿಕ್ಸೆಲ್ ನಂಬದೆ, ಚುಕ್ಕೆಯೊಳಗಿನ ಎಲ್ಲ ಪಿಕ್ಸೆಲ್‌ಗಳ ಸ್ಪೆಕ್ಟ್ರಮ್ ಕೂಡಿಸಿದೆವು. ಹೊರಗಿನದನ್ನೂ ಅಷ್ಟೇ ಜಾಗದಿಂದ ಕೂಡಿಸಿದೆವು. ಹೊರಗೆ 17.48ರಲ್ಲಿ ಸಣ್ಣ ಶಿಖರ ಇತ್ತು. ಒಳಗೆ ಹಿನ್ನೆಲೆ ಬಿಟ್ಟರೆ ಏನೂ ಇರಲಿಲ್ಲ.

ಅಂದರೆ ಚುಕ್ಕೆಯಲ್ಲಿ ಹೊಳೆದದ್ದು ಗಂಧಕ, ಆ ಚುಕ್ಕೆ ಮ್ಯಾಂಗನೀಸ್ ಸಲ್ಫೈಡ್. ಈ ಸ್ಟೀಲಿನಲ್ಲಿ ಗುಂಡಿ ಶುರುವಾಗುವ ಮಾಮೂಲಿ ಜಾಗ. ಮ್ಯಾಂಗನೀಸ್ ಮ್ಯಾಪ್ ನೋಡಿದರೆ ಸಾಕಿತ್ತಲ್ಲ ಎಂದು ಯಾರೋ ಕೇಳುತ್ತಿದ್ದಾರೆ. ನೋಡಿದ್ದೆವು. ಅದೂ ಚುಕ್ಕೆಯಲ್ಲಿ ಹೊಳೆಯುತ್ತಿತ್ತು, ಆದರೆ ಹೊರಗೂ ಬೇಕಾದಷ್ಟು ಬಣ್ಣ ಇತ್ತು. ಮ್ಯಾಂಗನೀಸಿನ Kα 5.90 keV, ಕ್ರೋಮಿಯಂನ Kβ 5.95. ಸ್ಟೀಲಿನಲ್ಲಿ 16 ಶೇಕಡಾಕ್ಕೂ ಮೇಲೆ ಕ್ರೋಮಿಯಂ ಇದೆ. ಉಳಿದದ್ದನ್ನು ನೀವೇ ಹೇಳಿ.