ಕೈಗೆ ಕಣ್ಣಿಲ್ಲ

ಒಂದು ಕಾಗದ. ಅದಕ್ಕೆ ರುಜು ಹಾಕಿದ ಒಂದು ಕೈ. ಆ ಕೈ ಒಂದು ನಗರವನ್ನೇ ಉರುಳಿಸಿತು ಅಂತ ಶುರುವಾಗುವ ಒಂದು ಪದ್ಯ ಇದೆ. ಬರೆದವನು ವೇಲ್ಸಿನ ಕವಿ ಡಿಲನ್ ಥಾಮಸ್, 1936ರಲ್ಲಿ ಬಂದ ಅವನ ಸಂಕಲನದಲ್ಲಿದೆ. ಒಟ್ಟು ಹದಿನಾರೇ ಸಾಲು. ಇವತ್ತು ಹೆಚ್ಚಾಗಿ ಈ ಪದ್ಯದ ಬಗ್ಗೆಯೇ ಮಾತಾಡ್ತೀನಿ, ಯಾಕೆಂದರೆ ಕವಿತೆಯಲ್ಲಿ ಒಂದು ಸಣ್ಣ ಭಾಗ ದೊಡ್ಡದೊಂದರ ಜಾಗದಲ್ಲಿ ನಿಂತಾಗ ಏನಾಗುತ್ತೆ ಅನ್ನೋದನ್ನ ನಾನು ಕಲಿತದ್ದು ಇದರಿಂದ.

ನಾನು ಓದುವಾಗ ಇಂಥ ಪದ್ಯಕ್ಕೆ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಬರ್ತಿತ್ತು. ‘ಕೈ’ ಏನನ್ನು ಸೂಚಿಸುತ್ತದೆ? ಉತ್ತರ: ಅಧಿಕಾರವನ್ನು. ಬರೆದೆವು, ಅಂಕ ಸಿಕ್ಕಿತು, ಮುಂದಿನ ಪ್ರಶ್ನೆಗೆ ಹೋದೆವು. ಇದು ನನಗೆ ಈಗಲೂ ನೋಯುತ್ತೆ. ಉತ್ತರ ತಪ್ಪಲ್ಲ. ಆದರೆ ಕೈಯನ್ನು ‘ಅಧಿಕಾರ’ ಅಂತ ಬದಲಾಯಿಸಿದ ಕ್ಷಣದಲ್ಲೇ ಆ ಪದ್ಯ ನಮ್ಮ ಕೈಬಿಟ್ಟು ಹೋಗುತ್ತೆ. ಕವಿ ಅಷ್ಟೂ ಸಾಲುಗಳಲ್ಲಿ ಅದನ್ನು ಕೈಯಾಗಿಯೇ ಉಳಿಸಿಕೊಳ್ಳೋಕೆ ಹೆಣಗಿದ್ದಾನೆ.

ಹೇಗೆ ಅಂತ ಹತ್ತಿರದಿಂದ ನೋಡೋಣ. ಮೊದಲ ನಾಲ್ಕು ಸಾಲಿನಲ್ಲಿ ಕೈ ಐದು ಬೆರಳಾಗುತ್ತೆ. ಆ ಐದು ಬೆರಳು ಜನರ ಉಸಿರಿಗೆ ತೆರಿಗೆ ಹಾಕುತ್ತವೆ, ಸತ್ತವರ ಲೆಕ್ಕವನ್ನು ಇಮ್ಮಡಿ ಮಾಡುತ್ತವೆ, ಒಂದು ದೇಶವನ್ನು ಅರ್ಧ ಮಾಡುತ್ತವೆ. ಆಮೇಲೆ ಬೆರಳುಗಳನ್ನೇ ಐದು ದೊರೆಗಳು ಅಂತ ಕರೀತಾನೆ. ಇಮ್ಮಡಿ, ಅರ್ಧ: ಬೆರಳು ಮಡಿಸಿ ಎಣಿಸುವವರ ಲೆಕ್ಕ ಇದು.

ಎರಡನೇ ಭಾಗದಲ್ಲಿ ನೋಟ ಕೈಯಿಂದ ಮೇಲಕ್ಕೆ ಹೋಗುತ್ತೆ. ತೋಳು ಹಿಡಿದು ಹೋದರೆ ಭುಜ ಸಿಗುತ್ತೆ, ಇಳಿಜಾರಾದ ಭುಜ. ಈಗ ಮುಖ ಕಾಣಿಸುತ್ತೆ ಅಂತ ನಾವು ಕಾಯ್ತೀವಿ. ಕವಿ ಅಲ್ಲಿಗೇ ನಿಲ್ಲಿಸಿ ಮತ್ತೆ ಬೆರಳಿನ ಗಿಣ್ಣುಗಳಿಗೆ ಇಳಿದುಬಿಡ್ತಾನೆ. ಗಿಣ್ಣುಗಳು ಸೆಡೆತುಕೊಂಡಿವೆ. ಅಷ್ಟು ದೊಡ್ಡ ಕೈಯ ಹಿಂದೆ ಇರೋದು ಇಳಿಬಿದ್ದ ಭುಜ, ಮರಗಟ್ಟಿದ ಗಿಣ್ಣು ಇರುವ ಒಂದು ಸಾಧಾರಣ ಮೈ. ಹದಿನಾರು ಸಾಲಿನಲ್ಲಿ ಎಲ್ಲೂ ಆ ಮನುಷ್ಯನ ಮುಖ ಬರೋದೇ ಇಲ್ಲ.

ಕೊನೆಯ ಭಾಗದಲ್ಲಿ ಆ ಐದು ದೊರೆಗಳು ಹೆಣ ಎಣಿಸುತ್ತಾರೆ. ಆದರೆ ಹೆಪ್ಪುಗಟ್ಟಿದ ಗಾಯವನ್ನು ಮೆದು ಮಾಡೋದಿಲ್ಲ, ಯಾರ ಹಣೆಯನ್ನೂ ನೇವರಿಸೋದಿಲ್ಲ. ಗಮನಿಸಿ, ಎಣಿಸೋದು, ನೇವರಿಸೋದು, ಎರಡೂ ಕೈಯೇ ಮಾಡುವ ಕೆಲಸ. ಕೈಗೆ ಆಗದ ಕೆಲಸ ಬಿಟ್ಟುಹೋಗಿದೆ ಅಂತ ಕವಿ ಹೇಳ್ತಿಲ್ಲ, ಆಗುವ ಕೆಲಸವನ್ನೇ ಅದು ಮಾಡಲಿಲ್ಲ ಅಂತಿದ್ದಾನೆ. ಇದಾದ ಮೇಲೆ ಕೊನೆಯ ಸಾಲು: ಕೈಗಳಿಗೆ ಹರಿಸಲು ಕಣ್ಣೀರಿಲ್ಲ. ಇದು ಅಕ್ಷರಶಃ ನಿಜ. ಕೈಗೆ ಕಣ್ಣಿಲ್ಲ. ಮೊದಲ ಸಾಲಿನಲ್ಲಿ ಇಡೀ ಮನುಷ್ಯನನ್ನು ಬಿಟ್ಟು ಕೈಯನ್ನಷ್ಟೇ ಆರಿಸಿಕೊಂಡಾಗಲೇ ಕವಿ ಕಣ್ಣನ್ನು ಹೊರಗಿಟ್ಟಿದ್ದ. ಆ ಆಯ್ಕೆಗೆ ಏನು ಬೆಲೆ ಅಂತ ಗೊತ್ತಾಗೋದು ಕೊನೆಗೆ.

ನನ್ನ ವಾದ ಇದೇ. ಭಾಗವನ್ನು ಆರಿಸೋದು ಅಂದರೆ ಉಳಿದದ್ದನ್ನು ಕತ್ತರಿಸೋದು. ಇದನ್ನು ಸಂಕೇತ ಅಂತ ಓದುವವರು ಉಳಿದುಕೊಂಡ ತುಂಡನ್ನು ಮಾತ್ರ ನೋಡ್ತಾರೆ. ಕತ್ತರಿಸಿ ಹಾಕಿದ್ದು ಯಾವುದು ಅಂತ ಕೇಳೋದಿಲ್ಲ.

ಇಂಗ್ಲಿಷಿನವರು ಇಲ್ಲಿ ಎರಡು ಹೆಸರು ಬಳಸ್ತಾರೆ. ಭಾಗ ಇಡೀ ವಸ್ತುವಿಗೆ ನಿಂತರೆ ಸಿನೆಕ್ಡಕಿ, ಕೈ ಮನುಷ್ಯನಿಗೆ ನಿಂತ ಹಾಗೆ. ಜೊತೆಗಿರುವ ವಸ್ತು ನಿಂತರೆ ಮೆಟಾನಮಿ, ಕಿರೀಟ ದೊರೆತನಕ್ಕೆ ನಿಂತ ಹಾಗೆ. ಕಿರೀಟ ದೊರೆಯ ಮೈಯ ಭಾಗವಲ್ಲ, ತಲೆ ಮೇಲೆ ಕೂತಿರೋದು, ಅಷ್ಟೆ. ನಮ್ಮ ಕಾವ್ಯಮೀಮಾಂಸೆ ಇವೆರಡನ್ನೂ ಲಕ್ಷಣೆಯ ಒಳಗೇ ನೋಡುತ್ತೆ. ಲಕ್ಷಣೆ ಅಂದರೆ ಪದ ತನ್ನ ನೇರ ಅರ್ಥ ಬಿಟ್ಟು ಇನ್ನೊಂದು ಅರ್ಥ ಕೊಡೋದು. ಅದಕ್ಕೆ ಮೂರು ಷರತ್ತು. ನೇರ ಅರ್ಥ ಆ ಮಾತಿಗೆ ಹೊಂದಿಕೆ ಆಗಬಾರದು, ನೇರ ಅರ್ಥಕ್ಕೂ ಹೊಸ ಅರ್ಥಕ್ಕೂ ಸಂಬಂಧ ಇರಬೇಕು, ಮತ್ತೆ ಅದಕ್ಕೆ ರೂಢಿ ಅಥವಾ ಪ್ರಯೋಜನ ಇರಬೇಕು. ಸಂಸ್ಕೃತದ ಕಾವ್ಯಮೀಮಾಂಸಕ ಮಮ್ಮಟ ಕೊಡುವ ಹಳೆಯ ಉದಾಹರಣೆ, ‘ಗಂಗೆಯ ಮೇಲೆ ಗೊಲ್ಲರ ಹಟ್ಟಿ’. ನೀರಿನ ಮೇಲೆ ಹಟ್ಟಿ ನಿಲ್ಲೋದಿಲ್ಲ, ಹಾಗಾಗಿ ದಡ ಅಂತ ತಿಳೀತೀವಿ. ಹಾಗಿದ್ದರೆ ದಡ ಅಂತಲೇ ಹೇಳಬಹುದಿತ್ತಲ್ಲ? ಹೇಳಿದ್ದರೆ ಗಂಗೆಯ ತಂಪು, ಪಾವಿತ್ರ್ಯ ಹಟ್ಟಿಗೆ ತಾಗುತ್ತಿರಲಿಲ್ಲ. ಪ್ರಯೋಜನ ಅಂದರೆ ಇದು.

ಈ ಮೂರನೇ ಷರತ್ತು ನನಗೆ ಬಹಳ ಕೆಲಸಕ್ಕೆ ಬಂದಿದೆ. ‘ಇದರಲ್ಲಿ ಅವನ ಕೈವಾಡ ಇದೆ’ ಅನ್ನುವಾಗ ಯಾರಿಗೂ ಕೈ ಕಾಣೋದಿಲ್ಲ. ‘ತಲೆಗೊಂದು ಸೂರು’ ಅನ್ನುವಾಗ ಸೂರು ಕಾಣೋದಿಲ್ಲ. ಅದು ರೂಢಿ. ಮಾತಿಗೆ ಸಾಕು, ಕವಿತೆಗೆ ಸಾಲದು. ಒಂದು ಸಾಲು ಜೀವಂತ ಇದೆಯೋ ಇಲ್ಲವೋ ಅಂತ ನೋಡೋಕೆ, ಭಾಗದ ಜಾಗದಲ್ಲಿ ಇಡೀ ವಸ್ತುವಿನ ಹೆಸರಿಟ್ಟು ಓದಿ. ಏನೂ ಕಳೆದುಹೋಗದಿದ್ದರೆ ಅಲ್ಲಿರೋದು ರೂಢಿ ಮಾತ್ರ.

ಹದಿನೇಳನೇ ಶತಮಾನದ ಜೇಮ್ಸ್ ಶರ್ಲಿಯ ಒಂದು ಪದ್ಯದಲ್ಲಿ ರಾಜದಂಡ, ಕಿರೀಟ ಎರಡೂ ಉರುಳಿ ಬೀಳುತ್ತವೆ, ಬಿದ್ದು ಬಡ ಕುಡುಗೋಲು ಮತ್ತು ಸನಿಕೆಯ ಜೊತೆ ಧೂಳಿನಲ್ಲಿ ಸಮ ಆಗುತ್ತವೆ. ಬದಲಾಯಿಸಿ ನೋಡಿ: ದೊರೆಯೂ ರೈತನೂ ಸತ್ತು ಸಮಾನರಾಗ್ತಾರೆ. ಅರ್ಥ ಇದೆ, ಆದರೆ ಎಲ್ಲರೂ ಹೇಳಿದ ಮಾತಾಯಿತು. ಶರ್ಲಿಯ ಸಾಲಿನಲ್ಲಿ ನಾಲ್ಕು ವಸ್ತುಗಳು ಒಂದೇ ಗುಡ್ಡೆಯಲ್ಲಿ ಬಿದ್ದಿರೋದು ಕಣ್ಣಿಗೆ ಕಾಣುತ್ತೆ. ಕಿರೀಟ ತಲೆ ಮೇಲಿಂದ ಬೀಳಬೇಕು, ಸನಿಕೆ ಮೊದಲಿಂದಲೂ ಮಣ್ಣಿನಲ್ಲೇ ಇತ್ತು. ಹಾಗಾಗಿ ಬೀಳುವ ದೂರ ಒಬ್ಬನಿಗೆ ಮಾತ್ರ. ಜೊತೆಗೆ ಗುಂಡಿ ತೋಡೋದೂ ಸನಿಕೆಯೇ, ಇದನ್ನು ಕವಿ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಸೂರಿನ ಬಗ್ಗೆ ಒಂದೇ ಮಾತು. ‘ಹತ್ತು ಸೂರು ಉರಿದವು’ ಅಂತ ಬರೆದರೆ ನೋಡುವವರು ದೂರದಲ್ಲೋ ಎತ್ತರದಲ್ಲೋ ಇದ್ದಾರೆ. ‘ಹತ್ತು ಹೊಸ್ತಿಲು ಉರಿದವು’ ಅಂದರೆ ಬಾಗಿಲ ಮುಂದೆಯೇ ನಿಂತಿದ್ದಾರೆ. ಎರಡರಲ್ಲೂ ಸುಟ್ಟದ್ದು ಮನೆಗಳೇ. ಬರೆಯುವ ಗೆಳೆಯರು ಎಡವೋದು ಇಲ್ಲಿ: ನಿಂತ ಜಾಗ ಮರೆತು, ಸೂರು ಅಂತ ಬರೆದು, ಮುಂದಿನ ಸಾಲಿನಲ್ಲೇ ಒಳಗಿನ ತೊಟ್ಟಿಲನ್ನು ತೋರಿಸಿಬಿಡ್ತಾರೆ. ನೋಟ ಇಳಿದು ಬಂದ ದಾರಿ ಪದ್ಯದಲ್ಲಿ ಇರೋದಿಲ್ಲ.

ಥಾಮಸ್‌ನ ಆ ಕೊನೆಯ ಸಾಲನ್ನು ಕನ್ನಡಕ್ಕೆ ತರೋಕೆ ನಾನು ತುಂಬಾ ಸಲ ಕೂತಿದ್ದೀನಿ. ಮೊದಲು ‘ಆಳುವ ಕೈಗೆ ಕರುಣೆಯಿಲ್ಲ’ ಅಂತ ಬರೆದೆ. ಕರುಣೆ ಅಂದ ಕೂಡಲೇ ಕೈ ಮಾಯವಾಗಿ ಕ್ರೂರಿಯೊಬ್ಬ ಬಂದು ನಿಂತ. ಆಮೇಲೆ ‘ಅಳುವುದು ಕೈಗೆ ಗೊತ್ತಿಲ್ಲ’ ಅಂತ ಮಾಡಿದೆ. ಗೊತ್ತಾಗೋಕೆ ಮನಸ್ಸು ಬೇಕು, ಕೈಗೆ ಅದನ್ನೂ ಕವಿ ಕೊಟ್ಟಿಲ್ಲ. ‘ಕೈಗೆ ಕಣ್ಣೀರಿಲ್ಲ’ ಅಂದಾಗ ಸರಿಹೋಯಿತು ಅನ್ನಿಸಿತು, ಕನ್ನಡದ ಕಿವಿಗೂ ಹಿತವಾಗಿತ್ತು. ಆದರೆ ಮೂಲವನ್ನು ಮತ್ತೆ ತೆಗೆದು ನೋಡಿದರೆ, ಪದ್ಯದುದ್ದಕ್ಕೂ ಒಂದೇ ಒಂದು ಕೈ ಇದ್ದದ್ದು ಆ ಸಾಲಿನಲ್ಲಿ ಬಹುವಚನ ಆಗಿದೆ. ರುಜು ಹಾಕಿದ ಆ ಒಂದು ಕೈಯ ಮಾತು ಮುಗಿದು, ಪುಸ್ತಕ ಹಿಡಿದಿರುವ ಕೈಗಳೂ ಅದರೊಳಗೆ ಸೇರಿಬಿಟ್ಟಿವೆ. ಲಯ ಸ್ವಲ್ಪ ಒರಟಾದರೂ ‘ಕೈಗಳಿಗೆ’ ಅಂತಲೇ ಉಳಿಸಿಕೊಂಡೆ.