ಜೋಡಿನ ಜಾಗದಲ್ಲಿ ಸೂತ್ರ ಹಚ್ಚಬೇಡಿ

ಧಾರವಾಡ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಬಿ.ಎಸ್ಸಿ. ಮೊದಲ ವರ್ಷದ ಕ್ಯಾಲ್ಕುಲಸ್ ಪರೀಕ್ಷೆಗೆ ಓದುತ್ತಿರುವ ಮಕ್ಕಳ ಜೊತೆ. ಸಪ್ತಾಪುರದ ರೂಮಿನಲ್ಲೋ, ವಿದ್ಯಾನಗರದ ಹಾಸ್ಟೆಲ್ಲಿನಲ್ಲೋ, ಗದಗ, ಹಾವೇರಿ ಕಡೆಯ ನಿಮ್ಮ ಮನೆಯ ಪಡಸಾಲೆಯಲ್ಲೋ ಕೂತು ಕೇಳುತ್ತಿದ್ದರೆ ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ. ಬರೆಯದೆ ಬರೀ ಕೇಳಿದರೆ ಇದು ತಲೆಗೆ ಹತ್ತುವುದಿಲ್ಲ.

ಲಿಮಿಟ್, ಕಂಟಿನ್ಯುಟಿ, ಡಿಫರೆನ್ಶಿಯಬಿಲಿಟಿ. ಪಾಠದಲ್ಲಿ ಮೂರಕ್ಕೂ ಉದ್ದುದ್ದ ವ್ಯಾಖ್ಯೆಗಳಿವೆ. ನೀವು ಮೂರರಲ್ಲೂ ಒಂದೇ ಪ್ರಶ್ನೆ ಕೇಳಿ: ಆ ಬಿಂದುವಿನಲ್ಲಿ ಫಂಕ್ಷನ್ನಿನ ಬೆಲೆ, ಅಂದರೆ ಎಫ್ ಆಫ್ ಎ, ಇಲ್ಲಿ ಬೇಕೋ ಬೇಡವೋ?

ಲಿಮಿಟ್‌ಗೆ ಅದು ಬೇಡ. ಎಕ್ಸ್ ಸ್ಕ್ವೇರ್ ಮೈನಸ್ 4, ಭಾಗಿಸು ಎಕ್ಸ್ ಮೈನಸ್ 2. ಎಕ್ಸ್ 2ರ ಹತ್ತಿರ ಹೋದರೆ ಲಿಮಿಟ್ 4. ಪ್ರಶ್ನೆ ಕೊಟ್ಟವರು 2ರಲ್ಲಿ ಬೆಲೆ 7 ಅಂತ ಬೇಕಂತಲೇ ಇಟ್ಟಿರುತ್ತಾರೆ. ಇಡಲಿ, ಲಿಮಿಟ್ 4ರಲ್ಲೇ ಇರುತ್ತದೆ. ಕಂಟಿನ್ಯುಟಿಗೆ ಆ ಬೆಲೆ ಬೇಕು, ಲಿಮಿಟ್ ಜೊತೆ ತಾಳೆ ನೋಡಲಿಕ್ಕೆ. ಇಲ್ಲಿ 4 ಮತ್ತು 7, ತಾಳೆಯಾಗಲಿಲ್ಲ, ಕಂಟಿನ್ಯುಟಿ ಇಲ್ಲ. ಡಿಫರೆನ್ಶಿಯಬಿಲಿಟಿಗೂ ಅದು ಬೇಕು. ಎಫ್ ಆಫ್ ಎ ಪ್ಲಸ್ ಎಚ್ ತಗೊಂಡು, ಅದರಲ್ಲಿ ಎಫ್ ಆಫ್ ಎ ಕಳೆದು, ಎಚ್‌ನಿಂದ ಭಾಗಿಸುತ್ತೀರಿ. ಎಚ್ ಸೊನ್ನೆಗೆ ಹೋದಾಗ ಬರುವ ಲಿಮಿಟ್ಟೇ ಡೆರಿವೇಟಿವ್. ಆ 'ಕಳೆದು' ಅನ್ನುವ ಜಾಗದಲ್ಲಿ ಎಫ್ ಆಫ್ ಎ ಕೂತಿದೆ. ಹಾಳೆ ಮೇಲೆ ಅದಕ್ಕೊಂದು ಸುತ್ತು ಹಾಕಿ.

ಆ ಸುತ್ತು ಯಾಕೆ ಅಂತ ಒಬ್ಬ ವಿದ್ಯಾರ್ಥಿನಿಯ ನೆನಪಿನಿಂದ ಹೇಳುತ್ತೇನೆ. ಸವಣೂರು ಕಡೆಯ ಹುಡುಗಿ, ಚುರುಕು. ಇಂಟರ್ನಲ್ ಟೆಸ್ಟಿನ ಪೇಪರು ಕೈಗೆ ಬಂದ ದಿನ ಸಂಜೆ ಸೀದಾ ಮನೆಗೇ ಬಂದಳು. ನಮ್ಮವರು ಚಹಾ ಕೊಟ್ಟರೂ ಮುಟ್ಟಲಿಲ್ಲ. ಐದು ಮಾರ್ಕ್ಸಿನ ಪ್ರಶ್ನೆಗೆ ನಾನು ಒಂದು ಕೊಟ್ಟಿದ್ದೆ. ಪ್ರಶ್ನೆ ಹೀಗಿತ್ತು: ಎಕ್ಸ್ 1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಕ್ಸ್ ಸ್ಕ್ವೇರ್, 1ಕ್ಕಿಂತ ಜಾಸ್ತಿ ಇದ್ದರೆ 2 ಎಕ್ಸ್ ಪ್ಲಸ್ 5. ಈ ಫಂಕ್ಷನ್ 1ರಲ್ಲಿ ಡಿಫರೆನ್ಶಿಯಬಲ್ ಹೌದೋ ಅಲ್ಲವೋ?

ಅವಳು ಬರೆದದ್ದು ಮೂರು ಸಾಲು. ಎಡಗಡೆ ಡೆರಿವೇಟಿವ್ 2 ಎಕ್ಸ್, ಎಕ್ಸ್‌ಗೆ 1 ಹಾಕಿದರೆ 2. ಬಲಗಡೆ ಡೆರಿವೇಟಿವ್ 2. ಎರಡೂ ಸಮ, ಆದ್ದರಿಂದ ಡಿಫರೆನ್ಶಿಯಬಲ್.

"ಎರಡೂ ಕಡೆ ಎರಡ ಬಂತಲ್ರಿ ಸರ್, ಮತ್ತೇನ ಬೇಕ್ರಿ?" ಅಂದಳು.

"ಗ್ರಾಫ್ ತಗಿಯವಾ ಮೊದಲ" ಅಂದೆ. ಗೋಡೆಯ ಕ್ಯಾಲೆಂಡರಿನಿಂದ ಹಿಂದಿನ ತಿಂಗಳ ಹಾಳೆ ಹರಿದು ಕೊಟ್ಟೆ. ಬೆನ್ನಿನ ಮೇಲೆ ಪ್ಯಾರಾಬೋಲಾ ತೆಗೆದಳು, 1ಕ್ಕೆ ಬಂದಾಗ ಎತ್ತರ 1. ಅಲ್ಲಿ ಪೆನ್ನು ನಿಂತಿತು. ಯಾಕೆಂದರೆ ಬಲಗಡೆಯ ಗೆರೆ ಶುರುವಾಗುವುದು 7ರ ಎತ್ತರದಿಂದ. ಪೆನ್ನು ಎತ್ತಿ ಮೇಲೆ ಇಡಬೇಕಾಯಿತು. ಎತ್ತಿದ ಕೈ ಹಂಗೇ ಹಿಡಕೊಂಡು ನನ್ನ ಮುಖ ನೋಡಿದಳು.

"ಖರೆ ಸರ್, ಇದು ಹರದದ. ಆದ್ರ ಸ್ಲೋಪ್ ಎರಡೂ ಕಡೆ ಒಂದ ಅದಲ್ರಿ?"

ಒಳ್ಳೆ ಪ್ರಶ್ನೆ. ನಮ್ಮ ಓಣಿಯಲ್ಲಿ ಆಗ ರಸ್ತೆಗೆ ಅರ್ಧದವರೆಗೆ ಹೊಸ ಡಾಂಬರು ಹಾಕಿ ನಿಲ್ಲಿಸಿದ್ದರು. ಹಳೇ ರಸ್ತೆಗೂ ಹೊಸದಕ್ಕೂ ಇಳಿಜಾರು ಒಂದೇ, ಆದರೆ ಕೂಡುವಲ್ಲಿ ಗೇಣುದ್ದ ಮೆಟ್ಟಿಲು. ಬಂದ ಸೈಕಲ್ಲೆಲ್ಲ ಅಲ್ಲಿ ಇಳಿದು ಎತ್ತಿಕೊಂಡೇ ಹೋಗುತ್ತಿದ್ದವು. ಕಿಟಕಿಯಿಂದ ಅದನ್ನೇ ತೋರಿಸಿದೆ. ಮೆಟ್ಟಿಲಿನ ಮುಂದಿನ ಇಳಿಜಾರು, ಹಿಂದಿನ ಇಳಿಜಾರು ಹೇಳಿದರೆ ಮೆಟ್ಟಿಲಿನ ಲೆಕ್ಕ ಸಿಗುವುದಿಲ್ಲ.

ಆಮೇಲೆ ವ್ಯಾಖ್ಯೆಯಿಂದಲೇ ಲೆಕ್ಕ ಮಾಡಿಸಿದೆ. ನೀವೂ ಮಾಡಿ. ಬಲಗಡೆ, ಎಚ್ 0.1. 1.1ರಲ್ಲಿ ಬೆಲೆ 7.2. ಅದರಲ್ಲಿ 1ರ ಬೆಲೆ ಕಳೆಯಬೇಕು, ಆ ಬೆಲೆ 1, ಯಾಕೆಂದರೆ 1 ಅನ್ನುವ ಬಿಂದು ಎಡಗಡೆಯ ತುಂಡಿಗೆ ಸೇರಿದ್ದು. 6.2 ಉಳಿಯಿತು, 0.1ರಿಂದ ಭಾಗಿಸಿದರೆ 62. ಎಚ್ 0.01 ಮಾಡಿದರೆ 602. 0.001 ಮಾಡಿದರೆ 6002. ಮೂರನೆಯ ಸಂಖ್ಯೆ ಬರೆದು ಹುಡುಗಿ ಪೆನ್ನು ಕೆಳಗಿಟ್ಟಳು. 2 ಎಲ್ಲಿ, 6002 ಎಲ್ಲಿ! ಬಲಗಡೆ ಡೆರಿವೇಟಿವ್ ಅನ್ನುವುದೇ ಇಲ್ಲ. ಅವಳು ಹಚ್ಚಿದ ಸೂತ್ರ 1ರ ಬಲಕ್ಕಿರುವ ಬಿಂದುಗಳಿಗೆ ಮಾತ್ರ ಸರಿ. 1 ಆ ತುಂಡಿನಲ್ಲಿ ಇಲ್ಲವೇ ಇಲ್ಲ. ಎಫ್ ಆಫ್ ಎ ತಪ್ಪಿಹೋಯಿತು, ನಾಲ್ಕು ಮಾರ್ಕ್ಸೂ ಹೋದವು. ಚಹಾ ಆರಿತ್ತು, ಮತ್ತೊಮ್ಮೆ ಬಿಸಿ ಮಾಡಿಸಿ ಕುಡಿದೇ ಹೋದಳು.

ಪರೀಕ್ಷೆಯಲ್ಲಿ ಇದೇ ಬಲೆ ಬೇರೆ ವೇಷದಲ್ಲಿ ಬರುತ್ತದೆ. ಎಡಗಡೆ ಎಕ್ಸ್ ಸ್ಕ್ವೇರ್, ಬಲಗಡೆ ಎ ಎಕ್ಸ್ ಪ್ಲಸ್ ಬಿ. 1ರಲ್ಲಿ ಡಿಫರೆನ್ಶಿಯಬಲ್ ಆಗುವಂತೆ ಎ, ಬಿ ಕಂಡುಹಿಡಿ ಅನ್ನುತ್ತಾರೆ. ಬಹಳ ಮಂದಿ ಡೆರಿವೇಟಿವ್ ಸಮ ಮಾಡಿ ಎ 2 ಅಂತ ಬರೆದು, ಬಿ ಎಲ್ಲಿಂದ ತರೋದು ಅಂತ ಕೂತುಬಿಡುತ್ತಾರೆ. ಮೊದಲು ಎತ್ತರ ಕೂಡಿಸಿ: ಎ ಪ್ಲಸ್ ಬಿ ಅಂದರೆ 1. ಆಮೇಲೆ ಸ್ಲೋಪ್ ಕೂಡಿಸಿ: ಎ ಅಂದರೆ 2. ಬಿ ತಾನಾಗಿ ಮೈನಸ್ 1. ಎತ್ತರ ಮೊದಲು, ಸ್ಲೋಪ್ ಆಮೇಲೆ. ಉಲ್ಟಾ ಮಾಡಬೇಡಿ.

"ಹಂಗಾದ್ರ ಸೂತ್ರ ಹಚ್ಚೂದ ತಪ್ಪೇನ್ರಿ?" ಅಂತ ಕೇಳುವವರಿದ್ದೀರಿ. ಆ ಬಿಂದುವಿನಲ್ಲಿ ಕಂಟಿನ್ಯುಟಿ ತೋರಿಸಿದ್ದರೆ, ಎರಡೂ ಕಡೆಯ ಡೆರಿವೇಟಿವ್‌ಗಳ ಲಿಮಿಟ್ ಒಂದೇ ಸಂಖ್ಯೆಗೆ ಬಂದರೆ, ಆ ಸಂಖ್ಯೆಯೇ ಡೆರಿವೇಟಿವ್. ಲಗ್ರಾಂಜನ ಮೀನ್ ವ್ಯಾಲ್ಯೂ ಥಿಯರಮ್ಮಿನಿಂದ ಅದು ಬರುತ್ತದೆ. ಆದರೆ ಕಂಟಿನ್ಯುಟಿಯ ಸಾಲು ಬರೆಯದೆ ಹಚ್ಚಿದರೆ ಕೆಂಪು ಪೆನ್ನು ಬಿದ್ದೇ ಬೀಳುತ್ತದೆ.

ಇನ್ನೊಂದು ಬಲೆ ಉಲ್ಟಾ ದಿಕ್ಕಿನದು, ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಎಕ್ಸ್ ಸ್ಕ್ವೇರ್ ಇಂಟು ಸೈನ್ 1 ಬೈ ಎಕ್ಸ್. ಸೊನ್ನೆಯಲ್ಲಿ ಬೆಲೆ ಸೊನ್ನೆ. ಸೂತ್ರ ಹಚ್ಚಿದರೆ 2 ಎಕ್ಸ್ ಸೈನ್ 1 ಬೈ ಎಕ್ಸ್, ಮೈನಸ್ ಕಾಸ್ 1 ಬೈ ಎಕ್ಸ್ ಬರುತ್ತದೆ. ಸೊನ್ನೆಯ ಹತ್ತಿರ ಆ ಕಾಸ್ ಮೈನಸ್ 1ಕ್ಕೂ 1ಕ್ಕೂ ನಡುವೆ ತೂಗುತ್ತಲೇ ಇರುತ್ತದೆ, ಲಿಮಿಟ್ ಇಲ್ಲ. ಅದನ್ನು ನೋಡಿ 'ಡಿಫರೆನ್ಶಿಯಬಲ್ ಅಲ್ಲ' ಅಂತ ಬರೆದುಬಿಡುತ್ತೀರಿ. ತಪ್ಪು! ಸುತ್ತು ಹಾಕಿದ ಜಾಗಕ್ಕೆ ಹೋಗಿ. ಎಫ್ ಆಫ್ ಎಚ್, ಮೈನಸ್ ಸೊನ್ನೆ, ಭಾಗಿಸು ಎಚ್. ಉಳಿದದ್ದು ಎಚ್ ಸೈನ್ 1 ಬೈ ಎಚ್. ಸೈನ್ ಎಷ್ಟೇ ಕುಣಿದರೂ 1 ದಾಟುವುದಿಲ್ಲ, ಎಚ್ ಸೊನ್ನೆಗೆ ಹೋಗುತ್ತದೆ, ಎಲ್ಲಾ ಸೇರಿ ಸೊನ್ನೆ. ಡಿಫರೆನ್ಶಿಯಬಲ್, ಡೆರಿವೇಟಿವ್ ಸೊನ್ನೆ. ಸೂತ್ರ ಇಲ್ಲ ಅಂದದ್ದನ್ನು ವ್ಯಾಖ್ಯೆ ಹೌದು ಅಂದಿತು.

ಸ್ಟುಡಿಯೋದವರು ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಒಂದು ಲೆಕ್ಕ ನಿಮಗೇ ಬಿಡುತ್ತೇನೆ: ಎಕ್ಸ್ ಇಂಟು ಮಾಡ್ ಎಕ್ಸ್, ಸೊನ್ನೆಯಲ್ಲಿ. ಮಾಡ್ ಕಂಡ ಕೂಡಲೇ 'ಅಲ್ಲ' ಅಂತ ಬರೆಯಬೇಡಿ. ಎಚ್ ಇಂಟು ಮಾಡ್ ಎಚ್, ಭಾಗಿಸು ಎಚ್. ಏನು ಉಳಿಯುತ್ತದೆ, ಈಗಲೇ ಹಾಳೆ ಮೇಲೆ ನೋಡಿ. ನಮಸ್ಕಾರ.