ಗುಡಿಯ ಮೂಗನ್ನು ಹುಡುಕಿಕೊಂಡು: ಬಳ್ಳಿಗಾವಿಯಿಂದ ಪಟ್ಟದಕಲ್ಲಿಗೆ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನ. ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದೆ. ಅಮ್ಮ ಕೊಡೆಯನ್ನು ಹಿಂದಕ್ಕೆ ವಾಲಿಸಿ ಮೇಲೆ ನೋಡುತ್ತಾ, "ಶಿಖರದ ಮುಂದೆ ಮೂಗಿನ ಹಾಗೆ ಚಾಚಿಕೊಂಡಿದೆಯಲ್ಲ, ಅದು ಯಾಕೆ ಹಾಗಿದೆ ಮಗಾ?" ಎಂದು ಕೇಳಿದಳು. ಅದರ ಹೆಸರೇ ಶುಕನಾಸಿ, ಅಂದರೆ ಗಿಳಿಯ ಮೂಗು ಎಂದು ಹೇಳಿದೆ. ಆದರೆ ಆ ಮೂಗು ನಮ್ಮ ಕಡೆಯ ಶಿಖರಗಳಿಗೆ ಎಲ್ಲಿಂದ ಬಂತು ಎಂಬುದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ, ಅದನ್ನು ಮೊದಮೊದಲು ಇರಿಸಿದ ಜಾಗದಲ್ಲೇ ನಿಂತು ತೋರಿಸಬೇಕೆನಿಸಿತು.

ಇದು ಮಲಪ್ರಭೆಯ ದಂಡೆಯ ಪಟ್ಟದಕಲ್ಲು. ಬಾದಾಮಿಯ ಚಾಲುಕ್ಯ ಅರಸರು ಪಟ್ಟಕಟ್ಟಿಕೊಳ್ಳುತ್ತಿದ್ದ ಊರು. ಎಡಗಡೆ ಕಾಣುವ ಗಳಗನಾಥದ ಶಿಖರವನ್ನು ಒಮ್ಮೆ ಗಮನಿಸಿ. ಬುಡದಿಂದ ತುದಿಯವರೆಗೆ ಒಂದೇ ಬಾಗಿನಲ್ಲಿ ಒಳಕ್ಕೆ ವಾಲುತ್ತಾ ಹೋಗಿ, ತಲೆಯ ಮೇಲೆ ನೆಲ್ಲಿಕಾಯಿಯಂತೆ ಹೋಳುಹೋಳಾದ ಚಪ್ಪಟೆ ಆಮಲಕವನ್ನು ಹೊತ್ತಿದೆ. ಇದು ಉತ್ತರದ ನಾಗರ ಶೈಲಿ. ಅದೇ ಆವರಣದ ಸಂಗಮೇಶ್ವರವನ್ನು ನೋಡಿದರೆ, ಮಹಡಿಯ ಮೇಲೆ ಮಹಡಿ ಇಟ್ಟಂತೆ ಮೆಟ್ಟಿಲಾಗಿ ಏರುತ್ತದೆ. ಪ್ರತಿ ಮಹಡಿಯ ಅಂಚಿಗೂ ಪುಟ್ಟ ಗುಡಿಗಳ ಸಾಲಿದೆ. ಮೂಲೆಯಲ್ಲಿರುವ ಚೌಕದ್ದು ಕೂಟ, ನಡುವೆ ಉದ್ದಕ್ಕೆ ಮಲಗಿದಂತಿರುವುದು ಶಾಲೆ. ಇದು ದಕ್ಷಿಣದ ದ್ರಾವಿಡ ಶೈಲಿ. ಎರಡೂ ಬಗೆಯವು ಇಲ್ಲಿ ನೆರೆಮನೆಗಳ ಹಾಗೆ ನಿಂತಿವೆ, ಆದರೆ ಅಕ್ಕಪಕ್ಕದಲ್ಲಿ ಇದ್ದ ಮಾತ್ರಕ್ಕೆ ಬೆರೆತವು ಎನ್ನಲಾಗದು.

ಸಂಗಮೇಶ್ವರವನ್ನು ಕಟ್ಟಿಸಿದವನು ವಿಜಯಾದಿತ್ಯ. ಅವನ ಆಳ್ವಿಕೆ 696ರಿಂದ 733ರವರೆಗೆ. ಈ ಗುಡಿಗೆ ಆಗ ವಿಜಯೇಶ್ವರ ಎಂದೇ ಹೆಸರು. ಇದರ ಶಿಖರವನ್ನು ಯಾವ ದಿಕ್ಕಿನಿಂದ ನೋಡಿದರೂ ಮುಖ ಒಂದೇ ತೆರನಾಗಿದೆ, ಮುಂದೆ ಚಾಚಿದ ಮೂಗು ಇಲ್ಲ. ಇದರ ಪಕ್ಕಕ್ಕೆ, ಅವನ ಮಗ ಎರಡನೆಯ ವಿಕ್ರಮಾದಿತ್ಯನ ಪಟ್ಟದರಸಿ ಲೋಕಮಹಾದೇವಿ ಸುಮಾರು 740ರಲ್ಲಿ ಕಟ್ಟಿಸಿದ ವಿರೂಪಾಕ್ಷವನ್ನು ಇಟ್ಟು ನೋಡಬೇಕು. ಅದರ ವಿಮಾನವೂ, ಅಂದರೆ ಶಿಖರ ಹೊತ್ತ ಗರ್ಭಗುಡಿಯೂ, ಮಹಡಿಮಹಡಿಯಾಗಿ ಏರುವ ಅಪ್ಪಟ ದ್ರಾವಿಡ ಬಗೆಯದೇ. ಆದರೆ ಪೂರ್ವಕ್ಕೆ, ಗರ್ಭಗುಡಿಗೂ ಮಂಟಪಕ್ಕೂ ನಡುವಿನ ಅಂತರಾಳದ ಚಾವಣಿಯ ಮೇಲೆ, ದೊಡ್ಡ ಕಮಾನಿನ ಮುಖ ಹೊತ್ತ ಶುಕನಾಸಿ ಚಾಚಿಕೊಂಡಿದೆ. ಮಾವನ ಗುಡಿಗೆ ಇಲ್ಲದ ಮೂಗು ಸೊಸೆಯ ಗುಡಿಗೆ ಬಂದಿದೆ. ಈ ಅಂಗ ನಾಗರ ಶಿಖರಕ್ಕೆ ಸೇರಿದ್ದು. ಇದೇ ಆವರಣದಲ್ಲಿರುವ ನಾಗರ ಶೈಲಿಯ ಕಾಶಿವಿಶ್ವನಾಥದಲ್ಲಿ, ಕಮಾನಿನೊಳಗೆ ಕುಣಿಯುವ ಶಿವನನ್ನು ಇರಿಸಿಕೊಂಡ ಶುಕನಾಸಿ ಸ್ಪಷ್ಟವಾಗಿ ಕಾಣುತ್ತದೆ.

ಈ ಭಾಗದ ಚಿತ್ರೀಕರಣಕ್ಕೆ ನಾನು ತೆತ್ತ ಬೆಲೆಯನ್ನು ಹೇಳಲೇಬೇಕು. ಮೊದಲ ದಿನ ತಲುಪಿದ್ದು ಮಧ್ಯಾಹ್ನ ಮೂರೂವರೆಗೆ. ವಿರೂಪಾಕ್ಷದ ಗುಡಿ ಪೂರ್ವಕ್ಕೆ ಮುಖಮಾಡಿದೆ ಎಂಬುದು ಗೊತ್ತಿದ್ದೂ ಬಿಸಿಲಿನ ಲೆಕ್ಕ ಹಾಕಿರಲಿಲ್ಲ. ಸೂರ್ಯ ಶಿಖರದ ಹಿಂದೆ ಹೋಗಿದ್ದರಿಂದ ಶುಕನಾಸಿಯ ಮುಖವೆಲ್ಲ ನೆರಳು, ಅದರ ಹಿಂದಿನ ಆಕಾಶವೆಲ್ಲ ಬೆಳ್ಳಗೆ. ಪರದೆಯಲ್ಲಿ ಈಗ ಕಾಣುತ್ತಿರುವ ಕಪ್ಪು ಆಕೃತಿ ಅದೇ. ಮೂಗು ಎಲ್ಲಿ ಮುಗಿದು ಶಿಖರ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುವುದಿಲ್ಲ. ಅದೊಂದೇ ದೃಶ್ಯಕ್ಕಾಗಿ ಬಾದಾಮಿಯಲ್ಲಿ 1,400 ರೂಪಾಯಿಗೆ ಕೋಣೆ ಹಿಡಿದೆ. ಮರಳಿ ಬರುವ ಬಸ್ಸಿಗೆ ಕೊಟ್ಟಿದ್ದ ಹಣವೂ ಹೋಯಿತು. ಆ ರಾತ್ರಿ ಬಹಳ ಬೇಸರವಾಗಿತ್ತು. ಆದರೆ ಬೆಳಿಗ್ಗೆ ಏಳಕ್ಕೆ ತೆಗೆದ ಈ ದೃಶ್ಯವನ್ನು ನೋಡಿ. ಎಳೆಬಿಸಿಲು ಕಮಾನಿನ ಮೇಲೆ ನೇರವಾಗಿ ಬಿದ್ದಿದೆ, ಹಿಂದಿನ ಮಹಡಿಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುತ್ತಿವೆ. ನಾಲ್ಕೂ ಕಡೆಗೆ ಒಂದೇ ಮುಖವಿರುವ ವಿಮಾನಕ್ಕೆ "ಇದು ಮುಂಭಾಗ" ಎಂದು ಈ ಮೂಗು ಹೇಳಿಕೊಡುತ್ತದೆ. ಮಂಟಪದ ಚಪ್ಪಟೆ ಚಾವಣಿಯಿಂದ ಕಣ್ಣು ಒಮ್ಮೆಲೇ ನೆಗೆಯದೆ, ಮೂಗಿನ ಮೇಲೆ ಹೆಜ್ಜೆಯಿಟ್ಟು ಶಿಖರಕ್ಕೆ ಏರುತ್ತದೆ.

ಈ ಗುಡಿಯ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ. ಅನಿವಾರಿತಾಚಾರಿ ಎಂದೂ ಅವನಿಗೆ ಹೆಸರಿತ್ತು, ರಾಜನಿಂದ ತ್ರಿಭುವನಾಚಾರಿ ಎಂಬ ಬಿರುದೂ ಬಂತು. ಇದೆಲ್ಲ ಇಲ್ಲಿನ ಹಳಗನ್ನಡ ಶಾಸನಗಳಲ್ಲೇ ಇದೆ. ವಿಕ್ರಮಾದಿತ್ಯ ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಇದನ್ನು ಕಟ್ಟಿಸಿದಳು. ಆ ಕಾರಣಕ್ಕೆ ಇದನ್ನು ಕಂಚಿಯ ಕೈಲಾಸನಾಥದ ಪಡಿಯಚ್ಚು ಎಂದುಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಂಚಿಯ ವಿಮಾನಕ್ಕೆ ಈ ಮೂಗಿಲ್ಲ. ಅದೇ ಕೈಲಾಸನಾಥದ ಕಂಬವೊಂದರ ಮೇಲೆ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ, ಗೆದ್ದ ಊರಿನ ದೇವರ ಸಂಪತ್ತನ್ನು ಅವನು ದೇವರಿಗೇ ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಅದರ ಬಗ್ಗೆ ಹೇಳುವುದು ಬಹಳವಿದೆ, ಆದರೆ ಈ ದೃಶ್ಯ ಮುಗಿಯುತ್ತಾ ಬಂತು, ದಕ್ಷಿಣಕ್ಕೆ ನಡೆಯೋಣ.

ಇದು ಪಾಪನಾಥ, ಮುಖ್ಯ ಗುಂಪಿನಿಂದ ಸ್ವಲ್ಪ ದೂರದಲ್ಲಿದೆ. ಎದುರಿಗೆ ನಿಂತಾಗ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ: ಎರಡು ಶೈಲಿಗಳ ಈ ಬೆರಕೆ ಸೋತಿದೆ ಅನಿಸಿತು. ಒಂದರ ಹಿಂದೆ ಒಂದರಂತೆ ಎರಡು ಮಂಟಪಗಳು, ಮುಂದೆ ದೊಡ್ಡದು, ಹಿಂದೆ ಚಿಕ್ಕದು, ಅವುಗಳ ಕೊನೆಗೆ ಗರ್ಭಗುಡಿ. ಅದರ ಮೇಲಿನ ನಾಗರ ಶಿಖರ ಇಷ್ಟು ಉದ್ದದ ಮೈಗೆ ತೀರ ಗಿಡ್ಡದು. ಬಾಗಿಲ ಬಳಿ ನಿಂತರೆ ಶಿಖರ ಕಾಣುವುದೇ ಇಲ್ಲ. ಕ್ಯಾಮೆರಾವನ್ನು ಹಿಂದಕ್ಕೆ ಒಯ್ದಷ್ಟೂ ಮಂಟಪವೇ ತುಂಬಿಕೊಳ್ಳುತ್ತಿತ್ತು. ಇದನ್ನು ಒಂದೇ ಸಲಕ್ಕೆ ಕಟ್ಟದೆ, ಹಂತಹಂತವಾಗಿ ಬೆಳೆಸಿದರು ಎಂಬ ಅಭಿಪ್ರಾಯವಿದೆ. ಅಳತೆ ತಪ್ಪಿದ್ದಕ್ಕೆ ಅದೇ ಕಾರಣವಿರಬಹುದೆಂದು ನನಗೂ ತೋರುತ್ತದೆ.

ಆದರೆ ದಕ್ಷಿಣದ ಗೋಡೆಯ ಪಕ್ಕಕ್ಕೆ ಬಂದ ಮೇಲೆ ಮಾತನ್ನು ಬದಲಿಸಬೇಕಾಯಿತು. ಮಂಟಪದ ಚಾವಣಿಯ ಅಂಚನ್ನು ಹತ್ತಿರದಿಂದ ತೋರಿಸುತ್ತಿದ್ದೇನೆ. ಸಂಗಮೇಶ್ವರದ ಮಹಡಿಗಳ ಅಂಚಿನಲ್ಲಿ ನೋಡಿದಿರಲ್ಲ, ಅದೇ ಕೂಟ ಮತ್ತು ಶಾಲೆಗಳ ಸಾಲು ಇಲ್ಲಿಯೂ ಇದೆ. ಹಿಂದೆ ಏರುವ ಶಿಖರ ಮಾತ್ರ ಉತ್ತರದ್ದು. ಮೈಗೆ ದಕ್ಷಿಣದ ಅಂಚು, ತಲೆಗೆ ಉತ್ತರದ ಮುಕುಟ. ಕೆಳಗೆ ಗೋಡೆಯ ಮೇಲೆ ರಾಮಾಯಣದ ಕಥೆ ಸಾಗುತ್ತದೆ, ಪಾತ್ರಗಳ ಹೆಸರನ್ನು ಪಕ್ಕದಲ್ಲೇ ಕೊರೆದಿದ್ದಾರೆ. ರೇವಡಿ ಓವಜ್ಜ ಎಂಬ ಶಿಲ್ಪಿಯ ಹೆಸರೂ ಈ ಗುಡಿಯ ಮೇಲೆ ಉಳಿದಿದೆ. ಎರಡೂ ಕಡೆಯ ಕೆಲಸವನ್ನು ಬಲ್ಲ ಕೈಗಳು ಒಂದೇ ಊರಿನಲ್ಲಿದ್ದವು ಎಂಬುದಕ್ಕೆ ನನಗೆ ಈ ಗೋಡೆಯೇ ಸಾಕ್ಷಿ. ಅಳತೆಯ ವಿಷಯದಲ್ಲಿ ಮಾತ್ರ ನನ್ನ ಮೊದಲಿನ ಮಾತಿಗೇ ಅಂಟಿಕೊಳ್ಳುತ್ತೇನೆ.

ಪಾಪನಾಥದಂತೆ ಇಡೀ ಶಿಖರವನ್ನೇ ಬದಲಿಸುವ ದಾರಿ ನಮ್ಮ ಕಡೆ ಹೆಚ್ಚು ಬಳಕೆಗೆ ಬರಲಿಲ್ಲ. ವಿರೂಪಾಕ್ಷದಂತೆ ಮಹಡಿಯ ಶಿಖರಕ್ಕೆ ಒಂದು ಮೂಗನ್ನು ಕೂಡಿಸುವ ದಾರಿಯೇ ಮುಂದೆ ಕಲ್ಯಾಣದ ಚಾಲುಕ್ಯರಿಗೆ, ಅವರಿಂದ ಹೊಯ್ಸಳರಿಗೆ ಬಂತು.

ಮತ್ತೆ ಬಳ್ಳಿಗಾವಿ. ಅಲ್ಲಿಯದು ಮರಳುಗಲ್ಲು, ಇಲ್ಲಿಯದು ಬಳಪದ ಕಲ್ಲು, ಹಾಗಾಗಿ ಇಲ್ಲಿ ಕೆತ್ತನೆ ಹೆಚ್ಚು ನವುರಾಗಿದೆ. ಶುಕನಾಸಿಯ ಮೇಲೆ ಹೊಯ್ಸಳರ ಲಾಂಛನ ಕುಳಿತಿದೆ, ಸಿಂಹದೊಡನೆ ಕಾದುತ್ತಿರುವ ವೀರ. ಅಮ್ಮನನ್ನು ಇಲ್ಲೇ ನಿಲ್ಲಿಸಿ, ವಿರೂಪಾಕ್ಷದ ಬೆಳಗಿನ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿದೆ. ಅವಳು ಒಮ್ಮೆ ಪರದೆಯನ್ನು, ಒಮ್ಮೆ ಶಿಖರವನ್ನು ನೋಡಿ, "ಅಲ್ಲಿ ಮೂಗಿನ ಮೇಲೆ ಸಿಂಹ ಇಲ್ಲ" ಎಂದಳು.